ಬ್ರೇಕ್ ಗ್ಲಾಸ್ ಲಾಗ್‌ನ 64 ಸಾಲುಗಳು: ಯಾರನ್ನು ಕೇಳುವುದು, ಯಾರನ್ನು ಬಿಡುವುದು?

ದಾಖಲೆ ಕೋಣೆ, ಬಳ್ಳಾರಿ

ನಾನು ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೇನೆ. ಕೇಸ್‌ಶೀಟುಗಳನ್ನು ದಾರದಲ್ಲಿ ಕಟ್ಟಿ ರ‍್ಯಾಕಿಗೆ ಏರಿಸುತ್ತಿದ್ದ ಕಾಲದಿಂದ ಇಲ್ಲಿರುವವನಾದ್ದರಿಂದ, ಕಂಪ್ಯೂಟರಿನ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೇ.

ನಮ್ಮ ಹೊಸ ವ್ಯವಸ್ಥೆಯಲ್ಲಿ ವೈದ್ಯರಿಗೂ ಸಿಸ್ಟರ್‌ಗಳಿಗೂ ತಮ್ಮ ವಾರ್ಡಿನ ಅಥವಾ ತಮ್ಮ ಓಪಿಡಿಯ ರೋಗಿಗಳ ದಾಖಲೆ ಮಾತ್ರ ಕಾಣುತ್ತದೆ. ಮನೋವೈದ್ಯಕೀಯ ದಾಖಲೆಗಳಿಗೆ ಮತ್ತು ನಮ್ಮ ಸಿಬ್ಬಂದಿಯೇ ರೋಗಿಗಳಾಗಿ ಬಂದಾಗಿನ ದಾಖಲೆಗಳಿಗೆ ಇನ್ನೊಂದು ಬೀಗ ಹೆಚ್ಚು. ತುರ್ತು ಸಂದರ್ಭದಲ್ಲಿ ಬ್ರೇಕ್ ಗ್ಲಾಸ್ ಎಂಬ ಕೆಂಪು ಗುಂಡಿ ಒತ್ತಿದರೆ ಕಾರಣ ಕೇಳುವ ಪೆಟ್ಟಿಗೆ ಬರುತ್ತದೆ. ಏನಾದರೂ ಬರೆದರೆ ನಾಲ್ಕು ಗಂಟೆಗಳ ಮಟ್ಟಿಗೆ ದಾಖಲೆ ತೆರೆದುಕೊಳ್ಳುತ್ತದೆ ಮತ್ತು ಲಾಗ್‌ನಲ್ಲಿ ಒಂದು ಸಾಲು ಸೇರುತ್ತದೆ. ಇಷ್ಟು ದಿನ ಆ ಲಾಗ್ ಅನ್ನು ಯಾರೂ ಓದಿರಲಿಲ್ಲ. ಈಗ ಅಧೀಕ್ಷಕರು ಹೋದ ತಿಂಗಳದ್ದನ್ನು ಪ್ರಿಂಟ್ ಹಾಕಿಸಿ, "ಇದನ್ನು ನೋಡಿ ವರದಿ ಕೊಡಿ" ಎಂದು ನನ್ನ ಮೇಜಿನ ಮೇಲಿಟ್ಟು ಹೋಗಿದ್ದಾರೆ.

ಒಟ್ಟು 64 ಸಾಲುಗಳಿವೆ. ಅವುಗಳಲ್ಲಿ 41ರಲ್ಲಿ ಕಾರಣವೆಂದು "emergency" ಎಂಬ ಒಂದೇ ಪದವಿದೆ, ಆರರಲ್ಲಿ ಒಂದು ಚುಕ್ಕೆ ಮಾತ್ರ ಇದೆ. ಒಂದು ಸಾಲು ಹೀಗಿದೆ:

```
02:14:37 BREAK_GLASS user=cmo_night2 reason="emergency"
opened=psych_notes,lab  printed=0
```

ಇಂಥ 41 ಜನರಿಗೂ ನೋಟಿಸ್ ಕೊಡುವುದೋ, ಅಥವಾ ಎಲ್ಲವೂ ಸರಿಯಿದೆ ಎಂದು ಸಹಿ ಹಾಕುವುದೋ ತಿಳಿಯುತ್ತಿಲ್ಲ. ಬೇರೆ ಕಡೆ ಈ ಪರಿಶೀಲನೆಯನ್ನು ಹೇಗೆ ಮಾಡುತ್ತಾರೆ?

ಕಂಪ್ಲಿಯ ಓದುಗ

ಗಾಜು ಒಡೆಯುವವರ ಮೇಲೆ ನೇರವಾಗಿ ಪೊಲೀಸರಿಗೆ ದೂರು ಕೊಡಬೇಕು. ರೋಗಿಯ ಕಡೆಯವರು ಕ್ಯಾಜುವಾಲ್ಟಿಗೆ ನುಗ್ಗಿ ಬಾಗಿಲು ಒಡೆಯುವುದು ಇತ್ತೀಚೆಗೆ ಅತಿಯಾಗಿದೆ.

ರಾತ್ರಿಪಾಳಿ, ರಾಯಚೂರು

ಅಣ್ಣಾ, ಇದು ಆ ಗಾಜಲ್ಲ. ಬೆಂಕಿ ಬಿದ್ದಾಗ ಗಾಜು ಒಡೆದು ಗುಂಡಿ ಒತ್ತುವ ಕೆಂಪು ಪೆಟ್ಟಿಗೆ ಗೋಡೆಯ ಮೇಲಿರುತ್ತದಲ್ಲ, ಆ ಹೆಸರನ್ನು ಕಂಪ್ಯೂಟರಿಗೆ ತಂದಿದ್ದಾರೆ.

ದಾಖಲೆ ಕೋಣೆಯವರೇ, ದಯವಿಟ್ಟು ಆ 41 ಜನರಿಗೆ ನೋಟಿಸ್ ಕೊಡಬೇಡಿ. ನಾನೂ "emergency" ಎಂದಷ್ಟೇ ಬರೆಯುವವನು, ಹಾಗೆ ಬರೆದ ಒಂದು ರಾತ್ರಿಯ ವಿಷಯ ಹೇಳುತ್ತೇನೆ.

ಏಪ್ರಿಲ್ ಕೊನೆಯ ವಾರ. ದೇವದುರ್ಗದ ಕಡೆಯಿಂದ ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬರನ್ನು ರಾತ್ರಿ ಒಂದೂವರೆಗೆ ಕರೆತಂದರು. ಎರಡು ದಿನ ಭೇದಿಯಾಗಿತ್ತು, ಮಾತು ತೊದಲುತ್ತಿತ್ತು, ಕೈಗಳು ದೊಡ್ಡದಾಗಿ ನಡುಗುತ್ತಿದ್ದವು, ತಾವು ಎಲ್ಲಿದ್ದೇವೆಂಬ ಅರಿವು ಅವರಿಗಿರಲಿಲ್ಲ. ನಾವು ಬಿಸಿಲಿನ ಹೊಡೆತವೆಂದೂ ಮಿದುಳಿನ ಸೋಂಕೆಂದೂ ಯೋಚಿಸುತ್ತಿದ್ದೆವು. ಯಾವ ಔಷಧಿ ನಡೆದಿದೆ ಎಂದು ಕೇಳಿದರೆ ಮಗ "ಗ್ಯಾಸಿನ ಗುಳಿಗಿ ಅಷ್ಟ ತಗೋತಾಳ್ರಿ" ಎಂದ. ಪರದೆಯ ಮೂಲೆಯಲ್ಲಿ ಮಾತ್ರ "ಈ ರೋಗಿಯ ಕೆಲವು ದಾಖಲೆಗಳು ನಿರ್ಬಂಧಿತ" ಎಂಬ ಸಾಲು ಇತ್ತು. ಗಾಜು ಒಡೆದೆ. ನಾಲ್ಕು ವರ್ಷಗಳಿಂದ ಅವರು ದಿನಕ್ಕೆ 900 ಮಿಲಿಗ್ರಾಂ ಲಿಥಿಯಂ ತೆಗೆದುಕೊಳ್ಳುತ್ತಿದ್ದರು. ಮೊಣಕಾಲು ನೋವಿಗೆಂದು ಊರಿನಲ್ಲಿ ಯಾರೋ ಡೈಕ್ಲೋಫಿನಾಕ್ ಬೇರೆ ಕೊಟ್ಟಿದ್ದರು. ದೇಹದ ನೀರು, ಉಪ್ಪು ಕಳೆದುಹೋದಾಗ ಮೂತ್ರಪಿಂಡ ಲಿಥಿಯಂ ಅನ್ನು ಹೊರಹಾಕದೆ ಹಿಡಿದಿಟ್ಟುಕೊಳ್ಳುತ್ತದೆ, ಆ ನೋವಿನ ಗುಳಿಗೆಯೂ ಅದನ್ನೇ ಮಾಡಿಸುತ್ತದೆ. ಎರಡನ್ನೂ ನಿಲ್ಲಿಸಿ ಸಲೈನ್ ಹಾಕಿ, ರಕ್ತ ಕಳುಹಿಸಿದೆವು. ಸಾಮಾನ್ಯವಾಗಿ 1.2ರ ಒಳಗಿರಬೇಕಾದ ಮಟ್ಟ 2.6 ಇತ್ತು, ಡಯಾಲಿಸಿಸ್ ಮಾಡಿಸಬೇಕಾಯಿತು.

ಇನ್ನೊಂದು ಸಣ್ಣ ಸಂಗತಿ. ನಮ್ಮ ಕ್ಯಾಜುವಾಲ್ಟಿಯಲ್ಲಿ ಅವಸರಕ್ಕೆ ಕೈಗೆ ಸಿಗುವುದು ಹಸಿರು ಮುಚ್ಚಳದ ಟ್ಯೂಬ್. ಅದರೊಳಗಿರುವುದು ಲಿಥಿಯಂ ಹೆಪಾರಿನ್, ಅಂದರೆ ಟ್ಯೂಬಿನಲ್ಲಿರುವ ಲಿಥಿಯಂ ಕೂಡ ಲೆಕ್ಕಕ್ಕೆ ಸೇರಿ ವರದಿ ಸುಳ್ಳಾಗುತ್ತದೆ. ದಾಖಲೆ ನೋಡಿದ್ದರಿಂದಲೇ ಸಿಸ್ಟರ್ ಬೇರೆ ಟ್ಯೂಬ್ ಹುಡುಕಿದರು. ಇಷ್ಟೆಲ್ಲ ನಡೆಯುವಾಗ ನಾನು ಕಾರಣದ ಪೆಟ್ಟಿಗೆಯಲ್ಲಿ ಪ್ರಬಂಧ ಬರೆಯುತ್ತಾ ಕೂರಲೇ?

ಸೀಲು ಕವರು

ಕೊಪ್ಪಳದಲ್ಲಿ ಆಸ್ಪತ್ರೆಯೊಂದರ ಆಡಳಿತ ವಿಭಾಗದಿಂದ ನಿವೃತ್ತನಾದವನು ನಾನು. ಬ್ರೇಕ್ ಗ್ಲಾಸ್ ಎಂದರೆ ನೀವು ಹೇಳುವಂತಹ ಗುಂಡಿಯಲ್ಲ. ತುರ್ತಿಗೆಂದೇ ಇರುವ ಒಂದು ಯೂಸರ್ ಹೆಸರು ಮತ್ತು ಪಾಸ್‌ವರ್ಡ್ ಅನ್ನು ಸೀಲು ಮಾಡಿದ ಕವರಿನಲ್ಲಿ ಅಧೀಕ್ಷಕರ ಬೀರುವಿನಲ್ಲಿ ಇಡುತ್ತಾರೆ. ಕವರ್ ಹರಿದಿದ್ದರೆ ಬಳಕೆಯಾಗಿದೆ ಎಂದರ್ಥ. ಅದಕ್ಕೆ ಲಾಗ್ ಓದುವ ತಾಪತ್ರಯವೇ ಇಲ್ಲ.

ಹಳೇ ಸರ್ವರ್

ಸೀಲು ಕವರು ಸರ್, ನೀವು ಹೇಳುವುದಕ್ಕೂ ಅದೇ ಹೆಸರಿದೆ, ಆದರೆ ಅದರ ಕೆಲಸ ಬೇರೆ. ಲಾಗಿನ್ ಸರ್ವರೇ ಬಿದ್ದುಹೋದಾಗ ಯಾರೊಬ್ಬರ ಸ್ವಂತ ಖಾತೆಯೂ ನಡೆಯುವುದಿಲ್ಲ. ಆಗ ಕವರಿನ ಖಾತೆ ಬೇಕಾಗುತ್ತದೆ. ಒಳಗೆ ಹೋದವರು ಯಾರೆಂಬುದು ಆ ಖಾತೆಯಿಂದ ತಿಳಿಯುವುದಿಲ್ಲವಾದ್ದರಿಂದ ಪಕ್ಕದಲ್ಲಿ ಒಂದು ಪುಸ್ತಕವಿಟ್ಟು ಹೆಸರು, ಸಮಯ, ಸಹಿ ಪಡೆಯಬೇಕು, ಬಳಸಿದ ಮೇಲೆ ಪಾಸ್‌ವರ್ಡ್ ಬದಲಿಸಬೇಕು. ಇಲ್ಲಿ ಚರ್ಚೆಯಾಗುತ್ತಿರುವುದು ತನ್ನದೇ ಹೆಸರಿನಲ್ಲಿ ಒಳಗಿರುವ ವ್ಯಕ್ತಿ ತನ್ನ ಮಿತಿಯನ್ನು ದಾಟುವ ವಿಷಯ.

ದಾಖಲೆ ಕೋಣೆಯವರಿಗೆ: ನಾನು ಆಸ್ಪತ್ರೆಗಳ ಸಾಫ್ಟ್‌ವೇರ್ ನೋಡಿಕೊಳ್ಳುವ ಕೆಲಸವನ್ನು ಬಹಳ ವರ್ಷಗಳಿಂದ ಮಾಡುತ್ತಿದ್ದೇನೆ. ಬರೆದ ಕಾರಣವನ್ನು ಓದಿ ತೀರ್ಮಾನಿಸಲು ಹೋದರೆ ನೀವು ದಾರಿ ತಪ್ಪುತ್ತೀರಿ. ಕೆಟ್ಟ ಉದ್ದೇಶದಿಂದ ತೆರೆಯುವವನಿಗೆ ಪುರುಸೊತ್ತು ಇರುತ್ತದೆ, ಆದ್ದರಿಂದ ಅವನೇ ಅಚ್ಚುಕಟ್ಟಾದ ಕಾರಣ ಬರೆದಿರುತ್ತಾನೆ. ರಾತ್ರಿಪಾಳಿಯ ವೈದ್ಯರು ಚುಕ್ಕೆ ಇಟ್ಟು ಮುಂದೆ ಹೋಗಿರುತ್ತಾರೆ.

ಪ್ರತಿ ಸಾಲನ್ನೂ ಅದರ ಹೊರಗಿನ ಮೂರು ಸಂಗತಿಗಳ ಪಕ್ಕದಲ್ಲಿಟ್ಟು ನೋಡಿ. ಆ ಹೊತ್ತಿಗೆ ರೋಗಿ ಆಸ್ಪತ್ರೆಯಲ್ಲಿದ್ದರೇ ಎಂಬುದು ಮೊದಲನೆಯದು. ಕ್ಯಾಜುವಾಲ್ಟಿ ರಿಜಿಸ್ಟರಿನಲ್ಲಿ ಅದು ಸಿಗುತ್ತದೆ. ತೆರೆದವರು ಆ ಪಾಳಿಯಲ್ಲಿದ್ದರೇ ಎಂಬುದನ್ನು ಡ್ಯೂಟಿ ಪಟ್ಟಿ ಹೇಳುತ್ತದೆ. ಮೂರನೆಯದೇ ನನ್ನ ಅನುಭವದಲ್ಲಿ ಹೆಚ್ಚು ಉಪಯೋಗದ್ದು: ತೆರೆದ ಮುಂದಿನ ಒಂದೆರಡು ಗಂಟೆಗಳಲ್ಲಿ ಅದೇ ವ್ಯಕ್ತಿ ಆ ರೋಗಿಯ ಹೆಸರಿನಲ್ಲಿ ಏನಾದರೂ ಬರೆದಿದ್ದಾರೆಯೇ? ರಕ್ತಪರೀಕ್ಷೆಗೆ ಹೇಳಿರಬಹುದು, ಔಷಧಿ ನಿಲ್ಲಿಸಿರಬಹುದು, ಎರಡು ಸಾಲಿನ ಟಿಪ್ಪಣಿ ಇರಬಹುದು. ರಾಯಚೂರಿನ ವೈದ್ಯರ ಆ ರಾತ್ರಿಯನ್ನೇ ನೋಡಿ. ಕಾರಣದ ಜಾಗದಲ್ಲಿ ಒಂದೇ ಪದವಿದ್ದರೂ, ಲಿಥಿಯಂ ಮಟ್ಟಕ್ಕೆ ಹೋದ ರಕ್ತ, ನಿಲ್ಲಿಸಿದ ಎರಡು ಗುಳಿಗೆ, ಹಾಕಿದ ಸಲೈನ್ ಎಲ್ಲವೂ ಅವರ ಪರವಾಗಿ ಸಾಕ್ಷಿ ಹೇಳುತ್ತವೆ.

ಮೂರೂ ಹೊಂದಿದರೆ ಆ ಸಾಲನ್ನು ಮುಚ್ಚಿಬಿಡಿ. ಹೊಂದದೆ ಉಳಿದವರನ್ನು ಮಾತ್ರ ಕರೆದು ಕೇಳಿ.

ರಾತ್ರಿಪಾಳಿ, ರಾಯಚೂರು

ಮೂರನೆಯ ಲೆಕ್ಕದಲ್ಲಿ ಒಂದು ತೊಡಕಿದೆ. ಫೋನಿನಲ್ಲಿ ಸಲಹೆ ಕೇಳಿದ ತಜ್ಞರು ಮನೆಯಿಂದಲೇ ದಾಖಲೆ ತೆರೆದು ನೋಡುತ್ತಾರೆ, ಬಾಯಿಮಾತಿನಲ್ಲಿ ಹೇಳುತ್ತಾರೆ, ಬರೆಯುವವನು ನಾನು. ಅವರ ಹೆಸರಿನಲ್ಲಿ ಏನೂ ಇರುವುದಿಲ್ಲ.

ಹಳೇ ಸರ್ವರ್

ಒಪ್ಪುತ್ತೇನೆ, ವೈದ್ಯರೇ. ಅಂಥ ಸಾಲು "ಕೇಳಬೇಕಾದದ್ದು" ಎಂಬ ಗುಂಪಿಗೆ ಬೀಳುತ್ತದೆ. ಕೇಳಿದಾಗ ನಿಮ್ಮ ಹೆಸರು ಹೇಳುತ್ತಾರೆ, ಅಲ್ಲಿಗೆ ಮುಗಿಯಿತು. ಕೇಳುವುದನ್ನೇ ಆರೋಪವೆಂದು ತಿಳಿಯುವ ವಾತಾವರಣವಿದ್ದರೆ ಮಾತ್ರ ಕಷ್ಟ.

ಬಿಳಿ ಟೋಪಿ, ಕೊಪ್ಪಳ

ನಾನು ಶುಶ್ರೂಷಾಧಿಕಾರಿ. ವೈದ್ಯರ ಮಾತನ್ನೇ ಎಲ್ಲರೂ ಆಡುತ್ತಿದ್ದೀರಿ, ಆದರೆ ಈ ಗುಂಡಿಯನ್ನು ಹೆಚ್ಚಾಗಿ ಒತ್ತುವವರು ವಾರ್ಡಿನ ಸಿಸ್ಟರ್‌ಗಳು. ಅದಕ್ಕೆ ಕಾರಣ ಜೀವಾಪಾಯವೂ ಅಲ್ಲ, ಕುತೂಹಲವೂ ಅಲ್ಲ. ನಮ್ಮಲ್ಲಿ ರೋಗಿ ಕ್ಯಾಜುವಾಲ್ಟಿಯಿಂದ ಸ್ಟ್ರೆಚರಿನಲ್ಲಿ ವಾರ್ಡಿಗೆ ಬಂದು ಮಲಗಿರುತ್ತಾರೆ, ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ ಕ್ಯಾಜುವಾಲ್ಟಿಯಲ್ಲೇ ಇರುತ್ತಾರೆ. ಮುಂಗಡ ಹಣ ಕಟ್ಟಿದ ಮೇಲೆಯೇ ಕೌಂಟರಿನವರು ಬೆಡ್ ನಂಬರ್ ಹಾಕುತ್ತಾರೆ, ರಾತ್ರಿ ಹೊತ್ತು ರೋಗಿಯ ಕಡೆಯವರು ಹಣ ಹೊಂದಿಸಿಕೊಂಡು ಬರುವಷ್ಟರಲ್ಲಿ ಬೆಳಗಾಗುತ್ತದೆ. ಅಲ್ಲಿಯವರೆಗೆ ಆ ರೋಗಿ ನನ್ನ ಪಟ್ಟಿಯಲ್ಲಿ ಕಾಣುವುದಿಲ್ಲ. ಎರಡು ಗಂಟೆಗೆ ಕೊಡಬೇಕಾದ ಇಂಜೆಕ್ಷನ್ ಯಾವುದೆಂದು ನೋಡಲು ನಾನು ಗಾಜು ಒಡೆಯಲೇಬೇಕು. ದಾಖಲೆ ಕೋಣೆಯವರೇ, ನಿಮ್ಮ 64ರಲ್ಲಿ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗಿನವು ಎಷ್ಟು, ಅವುಗಳಲ್ಲಿ ವಾರ್ಡಿನ ಖಾತೆಗಳು ಎಷ್ಟು ಎಂದು ಎಣಿಸಿ ನೋಡಿ.

ಕೋರ್ಟ್ ಗುಮಾಸ್ತ

ಎಣಿಸುವ ಅಗತ್ಯವೇ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಪ್ರಕಾರ ರೋಗಿಯ ಒಪ್ಪಿಗೆ ಇಲ್ಲದೆ ದಾಖಲೆ ತೆರೆಯುವುದೇ ತಪ್ಪು. ಅರವತ್ತನಾಲ್ಕೂ ಕಾನೂನುಬಾಹಿರ.

ಹಳೇ ಸರ್ವರ್

ಅರ್ಧ ಮಾತ್ರ ಸರಿ, ಗುಮಾಸ್ತರೇ. ಅದೇ ಕಾಯ್ದೆಯ 7ನೇ ಕಲಂ, ಜೀವಕ್ಕೆ ಅಥವಾ ಆರೋಗ್ಯಕ್ಕೆ ತಕ್ಷಣದ ಅಪಾಯವಿರುವ ವೈದ್ಯಕೀಯ ತುರ್ತಿನಲ್ಲಿ ಒಪ್ಪಿಗೆ ಇಲ್ಲದೆಯೂ ಬಳಸಲು ಅವಕಾಶ ಕೊಡುತ್ತದೆ. ಮನೋವೈದ್ಯಕೀಯ ದಾಖಲೆಯ ವಿಷಯದಲ್ಲಿ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟು, ಚಿಕಿತ್ಸೆ ನೀಡುವ ಇತರ ವೈದ್ಯರಿಗೆ ಮಾಹಿತಿ ಕೊಡುವುದನ್ನು ವಿನಾಯಿತಿಯಾಗಿ ಇಟ್ಟಿದೆ. ಆದರೆ ಸಿಸ್ಟರ್ ಹೇಳಿದ ಬೆಡ್ ನಂಬರಿನ ಪ್ರಕರಣಗಳು ತುರ್ತೂ ಅಲ್ಲ, ತಪ್ಪೂ ಅಲ್ಲ. ಅಲ್ಲಿ ಮಾಮೂಲಿ ಬಾಗಿಲೇ ತೆರೆದಿರಬೇಕಿತ್ತು.

ನೆದರ್‌ಲ್ಯಾಂಡ್ಸ್‌ನ ಹಾಗಾ ಆಸ್ಪತ್ರೆಗೆ 2019ರಲ್ಲಿ 4,60,000 ಯುರೋ ದಂಡ ಬಿತ್ತು. ಪ್ರಸಿದ್ಧ ವ್ಯಕ್ತಿಯೊಬ್ಬರ ದಾಖಲೆಯನ್ನು ಸಂಬಂಧವಿಲ್ಲದ ಹತ್ತಾರು ಸಿಬ್ಬಂದಿ ಇಣುಕಿ ನೋಡಿದ್ದರು. ಆದರೆ ದಂಡಕ್ಕೆ ಆಧಾರವಾದದ್ದು ಆಸ್ಪತ್ರೆಯ ಎರಡು ಲೋಪಗಳು: ಲಾಗ್ ಅನ್ನು ನಿಯಮಿತವಾಗಿ ಪರಿಶೀಲಿಸದೇ ಇದ್ದದ್ದು, ಮತ್ತು ಪಾಸ್‌ವರ್ಡ್ ಜೊತೆಗೆ ಎರಡನೆಯ ಗುರುತು ಕೇಳದೇ ಇದ್ದದ್ದು. ಆದ್ದರಿಂದ ಅಧೀಕ್ಷಕರು ಲಾಗ್ ಅನ್ನು ನಿಮ್ಮ ಮೇಜಿಗೆ ತಂದಿಟ್ಟದ್ದು ಒಳ್ಳೆಯ ಕೆಲಸವೇ.

ಸಿಂಧನೂರಿನವ

ನಮ್ಮ ತಂದೆಯವರ ಕೇಸ್‌ಶೀಟ್ ಪ್ರತಿ ಕೇಳಿ ಮೂರು ವಾರವಾಯಿತು, ನಾಳೆ ಬಾ ಎನ್ನುತ್ತಿದ್ದಾರೆ. ನಾನೂ ಈ ಬ್ರೇಕ್ ಗ್ಲಾಸ್ ಅರ್ಜಿ ಹಾಕಬಹುದೇ?

ದಾಖಲೆ ಕೋಣೆ, ಬಳ್ಳಾರಿ

ಇದು ಸಿಬ್ಬಂದಿಗೆ ಮಾತ್ರ ಇರುವ ವ್ಯವಸ್ಥೆ, ತಮ್ಮಾ. ನಿನಗೆ ಅದು ಬೇಕಾಗಿಯೂ ಇಲ್ಲ. ರೋಗಿ ಅಥವಾ ಅವರು ಅಧಿಕಾರ ಕೊಟ್ಟವರು ಕೇಳಿದರೆ 72 ಗಂಟೆಗಳೊಳಗೆ ದಾಖಲೆ ಕೊಡಬೇಕೆಂದು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿಯಲ್ಲೇ ಇದೆ. ತಂದೆಯವರ ಸಹಿಯಿರುವ ಪತ್ರದೊಂದಿಗೆ ಲಿಖಿತವಾಗಿ ಕೊಟ್ಟು, ಇನ್ನೊಂದು ಪ್ರತಿಗೆ ತಲುಪಿದ ಮುದ್ರೆ ಹಾಕಿಸಿಕೋ.

ಈಗ ಎಣಿಕೆಯ ವಿಷಯ. ಎರಡು ದಿನ ಕುಳಿತು ರಿಜಿಸ್ಟರ್, ಡ್ಯೂಟಿ ಪಟ್ಟಿ ಎರಡನ್ನೂ ಲಾಗ್ ಪಕ್ಕದಲ್ಲಿ ಹರಡಿಕೊಂಡು ನೋಡಿದೆ. ಕೊಪ್ಪಳದ ಸಿಸ್ಟರ್ ಹೇಳಿದ್ದು ಅಕ್ಷರಶಃ ನಿಜ. 64ರಲ್ಲಿ 37 ಸಾಲುಗಳು ವಾರ್ಡಿನವು. ರೋಗಿ ಮೇಲೆ ಬಂದದ್ದಕ್ಕೂ ಬೆಡ್ ನಂಬರ್ ಬಿದ್ದದ್ದಕ್ಕೂ ನಡುವಿನ ಹೊತ್ತಿನಲ್ಲಿ ತೆರೆದವು. ಒಂದು ಪ್ರಕರಣದಲ್ಲಿ ಆ ಅಂತರ ಏಳು ಗಂಟೆಯಷ್ಟಿದೆ. ಮತ್ತೆ 19 ಸಾಲುಗಳು ಕ್ಯಾಜುವಾಲ್ಟಿಯವು, ಹಳೇ ಸರ್ವರ್ ಹೇಳಿದ ಮೂರೂ ಹೊಂದುತ್ತವೆ. ನಾನು ಮೊದಲು ತೋರಿಸಿದ 02:14ರ ಸಾಲು ಈ 19ರಲ್ಲಿ ಇಲ್ಲ.

ಉಳಿದದ್ದು ಎಂಟು. ಅವುಗಳಲ್ಲಿ ಐದು `cmo_night2` ಎಂಬ ಒಂದೇ ಖಾತೆಯವು, ಐದೂ ಒಂದೇ ವಾರದವು. ಆ ವಾರ ಆ ಖಾತೆಯ ವೈದ್ಯರು ಮದುವೆಗೆಂದು ರಜೆಯಲ್ಲಿದ್ದರು.

ರಾತ್ರಿಪಾಳಿ, ರಾಯಚೂರು

ಕ್ಯಾಜುವಾಲ್ಟಿಯ ಕಂಪ್ಯೂಟರಿನಲ್ಲಿ ಅವರ ಲಾಗಿನ್ ತೆರೆದೇ ಇತ್ತು ಎಂದು ಈಗಲೇ ಹೇಳಬಲ್ಲೆ. ಎಲ್ಲ ಕಡೆಯೂ ಇದೇ ಕಥೆ. ಐದು ನಿಮಿಷ ಮುಟ್ಟದಿದ್ದರೆ ತಾನಾಗಿಯೇ ಹೊರಗೆ ಹಾಕುವ ಹಾಗೆ ಒಮ್ಮೆ ಮಾಡಿದ್ದರು; ಹೊಲಿಗೆ ಹಾಕಿ ಕೈ ತೊಳೆದು ಬರುವಷ್ಟರಲ್ಲಿ ಪರದೆ ಮುಚ್ಚಿರುತ್ತಿತ್ತು. ಒಂದು ರಾತ್ರಿಗೆ ಮೂವತ್ತು ಸಲ ಪಾಸ್‌ವರ್ಡ್ ಹೊಡೆಯುವ ಬದಲು ನಾವೆಲ್ಲ ಒಬ್ಬರ ಹೆಸರಿನಲ್ಲೇ ಕೆಲಸ ಮಾಡಿದೆವು. ತಪ್ಪೆಂದು ಗೊತ್ತಿತ್ತು.

ಹಳೇ ಸರ್ವರ್

ಪಾಸ್‌ವರ್ಡ್ ಹೊಡೆಯುವ ಬದಲು ಗುರುತಿನ ಚೀಟಿಯನ್ನು ತಾಗಿಸಿದರೆ ತೆರೆಯುವ ರೀಡರ್ ಹಾಕಿಸಿದರೆ ಈ ಜಗಳ ಬಹುಪಾಲು ನಿಲ್ಲುತ್ತದೆ. ಅದಕ್ಕೆ ಹಣ ಬೇಕು. ಹಣವಿಲ್ಲದಿದ್ದರೆ ಕನಿಷ್ಠ ಕೆಂಪು ಗುಂಡಿ ಒತ್ತಿದಾಗ ಮಾತ್ರ ಒತ್ತಿದವರ ಸ್ವಂತ ಪಿನ್ ಅನ್ನು ಮತ್ತೊಮ್ಮೆ ಕೇಳುವಂತೆ ಮಾಡಿಸಿ. ಯಾರದೋ ತೆರೆದ ಪರದೆಯಲ್ಲಿ ಮತ್ತೊಬ್ಬರು ಗಾಜು ಒಡೆಯಲು ಸಾಧ್ಯವಿರುವವರೆಗೆ ಪರಿಶೀಲನೆಗೆ ಅರ್ಥವಿಲ್ಲ, ಏಕೆಂದರೆ ಕೇಳಬೇಕಾದದ್ದು ಯಾರನ್ನು ಎಂಬುದೇ ತಿಳಿಯುವುದಿಲ್ಲ.

ಕಾರಣದ ಪೆಟ್ಟಿಗೆಯ ಬಗ್ಗೆಯೂ ಒಂದು ಮಾತು. ಕನಿಷ್ಠ ಇಪ್ಪತ್ತು ಅಕ್ಷರ ಬರೆಯಲೇಬೇಕೆಂದು ಒಂದು ಕಡೆ ಕಡ್ಡಾಯ ಮಾಡಿಸಿದರು, ಮಾರನೆಯ ದಿನದಿಂದ `aaaaaaaaaaaaaaaaaaaa` ಬರತೊಡಗಿತು. ಪಟ್ಟಿಯಿಂದ ಆರಿಸುವಂತೆ ಮಾಡಿದರೆ ಮೊದಲನೆಯ ಆಯ್ಕೆಯನ್ನೇ ಎಲ್ಲರೂ ಒತ್ತಿದರು. ಕೊನೆಗೆ ಉಳಿದುಕೊಂಡದ್ದು ಇದು: ಮೊದಲೇ ಗುರುತು ಹಾಕಿರದ ನಾಲ್ಕು ಆಯ್ಕೆಗಳು. ರೋಗಿಗೆ ಪ್ರಜ್ಞೆಯಿಲ್ಲ, ಔಷಧಿಯ ವಿವರ ಬೇಕು, ರೋಗಿ ನನ್ನ ವಾರ್ಡಿನಲ್ಲಿದ್ದರೂ ಪಟ್ಟಿಯಲ್ಲಿ ಕಾಣುತ್ತಿಲ್ಲ, ಇತರೆ. "ಇತರೆ" ಎಂದವರು ಮಾತ್ರ ಒಂದು ಸಾಲು ಬರೆಯಬೇಕು. ಮೂರನೆಯ ಆಯ್ಕೆಯನ್ನು ಸೇರಿಸಿದ್ದರಿಂದಲೇ ಬೆಡ್ ನಂಬರಿನಂಥ ದೋಷ ಎಷ್ಟಿದೆ ಎಂಬುದು ಲಾಗ್‌ನಲ್ಲಿ ತಾನಾಗಿಯೇ ಬೇರ್ಪಟ್ಟು ಕಾಣಿಸಿತು.

ಕೋರ್ಟ್ ಗುಮಾಸ್ತ

7ನೇ ಕಲಂ ಮತ್ತೆ ಓದಿದೆ, ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ನನ್ನ ಒಂದು ಪ್ರಶ್ನೆ ಹಾಗೇ ಉಳಿಯಿತು. ಗಾಜು ಒಡೆದ ಕೂಡಲೇ ರೋಗಿಯ ಮೊಬೈಲಿಗೆ ಒಂದು ಸಂದೇಶ ಹೋಗುವಂತೆ ಮಾಡಬಾರದೇಕೆ? ಬ್ಯಾಂಕಿನಿಂದ ನೂರು ರೂಪಾಯಿ ತೆಗೆದರೂ ಸಂದೇಶ ಬರುತ್ತದೆ. ದಾಖಲೆ ಯಾರದೋ ಅವರೇ ಪರಿಶೀಲಿಸಲಿ.

ಬಿಳಿ ಟೋಪಿ, ಕೊಪ್ಪಳ

ಸರ್, ನಮ್ಮ ಕಡೆ ನೋಂದಣಿಯಲ್ಲಿ ಬರೆಸುವ ನಂಬರ್ ಯಾರದ್ದು ಎಂದು ಯೋಚಿಸಿದ್ದೀರಾ? ಗಂಡನದ್ದು, ಮಗನದ್ದು, ಕೆಲವೊಮ್ಮೆ ಪಕ್ಕದ ಮನೆಯವರದ್ದು. ಆ ದೇವದುರ್ಗದ ತಾಯಿಯ ಮಾನಸಿಕ ಚಿಕಿತ್ಸೆಯ ವಿಷಯ ಮಗನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಮುಚ್ಚಿಟ್ಟನೋ ನಮಗೆ ತಿಳಿಯದು. ಗೊತ್ತಿರದಿದ್ದರೆ, "ನಿಮ್ಮ ನಿರ್ಬಂಧಿತ ದಾಖಲೆಯನ್ನು ತೆರೆಯಲಾಗಿದೆ" ಎಂಬ ಸಂದೇಶವೇ ಗುಟ್ಟನ್ನು ಮನೆಯವರ ಕೈಗೆ ಕೊಟ್ಟಂತೆ. ರೋಗಿ ಎಚ್ಚರವಾದ ಮೇಲೆ, ಹತ್ತಿರ ಯಾರೂ ಇಲ್ಲದಾಗ ಬಾಯಿಮಾತಿನಲ್ಲಿ ತಿಳಿಸುವುದೇ ಸರಿ.

ಕೋರ್ಟ್ ಗುಮಾಸ್ತ

ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಎಲ್ಲಿರುತ್ತದೆ? ಹೇಳಲೇ ಇಲ್ಲವೆಂದು ನಾಳೆ ರೋಗಿ ಹೇಳಿದರೆ?

ರಾತ್ರಿಪಾಳಿ, ರಾಯಚೂರು

ಕೇಸ್‌ಶೀಟಿನಲ್ಲಿ ಬರೆದು ಸಹಿ ಪಡೆಯಬಹುದು. ಆದರೆ ಎಷ್ಟು ಜನ ಬರೆಯುತ್ತಾರೆ ಎಂಬುದರ ಬಗ್ಗೆ ನನಗೆ ಭ್ರಮೆಯಿಲ್ಲ. ನನಗೆ ಬೇಕಾದದ್ದು ಬೇರೆ. ಆ ರಾತ್ರಿ ಗಾಜು ಒಡೆದಾಗ ಔಷಧಿಯ ಪಟ್ಟಿಯ ಜೊತೆಗೆ ಆಪ್ತ ಸಮಾಲೋಚನೆಯ ಟಿಪ್ಪಣಿಗಳೂ ಒಟ್ಟಿಗೆ ತೆರೆದುಕೊಂಡವು. ಆಕೆಯ ಸಂಸಾರದ ಮೂರು ಸಾಲುಗಳನ್ನು ನಾನು ಓದಿಬಿಟ್ಟೆ, ಚಿಕಿತ್ಸೆಗೆ ಅವುಗಳ ಅಗತ್ಯವೇ ಇರಲಿಲ್ಲ. ಔಷಧಿ, ಅಲರ್ಜಿ, ಪ್ರಯೋಗಾಲಯದ ವರದಿ ಇಷ್ಟು ಮೊದಲ ಗಾಜಿಗೆ ತೆರೆಯಲಿ. ಟಿಪ್ಪಣಿಗಳಿಗೆ ಎರಡನೆಯ ಗಾಜು ಇರಲಿ.

ಹಳೇ ಸರ್ವರ್

ಮಾಡಬಹುದು, ಆದರೆ ಮನೋವೈದ್ಯರು ಔಷಧಿಯನ್ನು ಪಟ್ಟಿಯಲ್ಲಿ ಹಾಕದೆ ಟಿಪ್ಪಣಿಯ ನಡುವೆಯೇ ಬರೆದಿದ್ದರೆ ಮೊದಲ ಗಾಜಿನ ಹಿಂದೆ ಏನೂ ಸಿಗುವುದಿಲ್ಲ. ಅದನ್ನು ಮೊದಲು ನೋಡಿಕೊಂಡು ಆಮೇಲೆ ಬೀಗ ಹಾಕಿಸಿ.

ದಾಖಲೆ ಕೋಣೆಯವರೇ, ಎಂಟರಲ್ಲಿ ಐದು ಆಯಿತು. ಉಳಿದ ಮೂರು?

ದಾಖಲೆ ಕೋಣೆ, ಬಳ್ಳಾರಿ

ಒಂದು ಸ್ಪಷ್ಟವಾಗಿದೆ. ಬಿಡುಗಡೆಯಾಗಿ ಮನೆಗೆ ಹೋಗಿ ಮೂರು ದಿನವಾಗಿದ್ದ ನಮ್ಮದೇ ಸಹೋದ್ಯೋಗಿಯ ದಾಖಲೆಯನ್ನು, ಅವರ ಚಿಕಿತ್ಸೆಗೆ ಸಂಬಂಧವೇ ಇಲ್ಲದವರು ಮಧ್ಯಾಹ್ನ ಊಟದ ಹೊತ್ತಿನಲ್ಲಿ ತೆರೆದಿದ್ದಾರೆ. ಕಾರಣದ ಜಾಗದಲ್ಲಿ "follow-up of critical patient as advised" ಎಂದು ಚೊಕ್ಕಟವಾಗಿ ಬರೆದಿದ್ದಾರೆ. ಹಳೇ ಸರ್ವರ್ ಹೇಳಿದ ಮಾತು ನೆನಪಾಯಿತು. ಅದು ಅಧೀಕ್ಷಕರಿಗೆ ಹೋಗುತ್ತದೆ.

ಉಳಿದ ಎರಡು ಒಬ್ಬರೇ ಸಿಸ್ಟರ್ ಅವರವು. ಅವರ ನಾದಿನಿ ಬೇರೆ ವಾರ್ಡಿನಲ್ಲಿ ಹೆರಿಗೆಗೆ ಸೇರಿದ್ದರು. ರಕ್ತದ ವರದಿ ಬಂತೇ ಎಂದು ನೋಡಿ ಹೇಳುವಂತೆ ನಾದಿನಿಯೇ ಕೇಳಿಕೊಂಡಿದ್ದರಂತೆ. ಅವರು ಎರಡು ಸಲ ನೋಡಿದ್ದಾರೆ, ಕರೆದು ಕೇಳಿದಾಗ ಏನನ್ನೂ ಮುಚ್ಚಿಡದೆ ಹೇಳಿದರು. ಕಾರಣದ ಜಾಗದಲ್ಲಿ ಬರೆದದ್ದೂ "ನಮ್ಮ ನಾದಿನಿ" ಎಂದೇ.

ಬಿಳಿ ಟೋಪಿ, ಕೊಪ್ಪಳ

ನಾನಾಗಿದ್ದರೂ ನೋಡುತ್ತಿದ್ದೆ.

ಕೋರ್ಟ್ ಗುಮಾಸ್ತ

ನಾದಿನಿ ಕೇಳಿದ್ದರೆಂದು ನಾದಿನಿಯಿಂದ ಬರೆಸಿಕೊಂಡಿದ್ದೀರಾ?

ದಾಖಲೆ ಕೋಣೆ, ಬಳ್ಳಾರಿ

ಇಲ್ಲ, ಸರ್. ಬಾಣಂತಿಯ ಮನೆಗೆ ಹೋಗಿ ಪತ್ರಕ್ಕೆ ಸಹಿ ಕೇಳುವುದು ನನ್ನಿಂದಾಗದು. ಆ ಎರಡು ಸಾಲುಗಳನ್ನು ವರದಿಯಲ್ಲಿ ಬೇರೆಯಾಗಿಯೇ ಇಟ್ಟಿದ್ದೇನೆ. ತಪ್ಪು ಎಂದೂ ಬರೆದಿಲ್ಲ, ಸರಿ ಎಂದೂ ಬರೆದಿಲ್ಲ. 37 ಸಾಲುಗಳ ಪಟ್ಟಿಯನ್ನು ನೋಟಿಸ್ ಇಲ್ಲದೆ ಬಿಲ್ಲಿಂಗ್ ಕೌಂಟರಿನ ಮುಖ್ಯಸ್ಥರಿಗೆ ಕಳುಹಿಸಿದ್ದೇನೆ. ಮುಂಗಡ ಕಟ್ಟುವ ಮೊದಲೇ ತಾತ್ಕಾಲಿಕ ಬೆಡ್ ನಂಬರ್ ಹಾಕಲು ಸಾಧ್ಯವೇ ಎಂದು ಕೇಳಿದ್ದಕ್ಕೆ, ಬಿಲ್ ಬಾಕಿ ಉಳಿದರೆ ಯಾರು ಹೊಣೆ ಎಂದು ತಿರುಗಿ ಕೇಳಿದ್ದಾರೆ. 02:14ರ ಆ ವ್ಯಕ್ತಿ ಯಾರೆಂದು ಕ್ಯಾಜುವಾಲ್ಟಿಯಲ್ಲಿ ಇನ್ನೂ ಯಾರೂ ಹೇಳಿಲ್ಲ. ರಜೆಯಲ್ಲಿದ್ದ ವೈದ್ಯರು ಸೋಮವಾರ ಬರುತ್ತಾರೆ.